ಸೂಚ್ಯಂಕದಿಂದ ಹೊರಬಿದ್ದ ಷೇರು, ಫಂಡಿನಲ್ಲೇ ಉಳಿದ ಕಥೆ

ಇವತ್ತು ನೀವು ಇನ್ಫೋಸಿಸ್‌ನ ಒಂದು ಷೇರು ಕೊಂಡರೆ ಆ ಹಣದಲ್ಲಿ ಒಂದು ರೂಪಾಯಿಯೂ ಇನ್ಫೋಸಿಸ್‌ಗೆ ಹೋಗುವುದಿಲ್ಲ. ಕಂಪನಿಗೆ ದುಡ್ಡು ಸೇರಿದ್ದು 1993ರಲ್ಲಿ, ಷೇರಿಗೆ 95 ರೂಪಾಯಿಯಂತೆ ಸಾರ್ವಜನಿಕರಿಗೆ ಕೊಟ್ಟಾಗ. (ಆಗ ಕೊಳ್ಳಲು ಸಾಕಷ್ಟು ಜನ ಮುಂದೆ ಬಂದಿರಲಿಲ್ಲ!) ಅಲ್ಲಿಂದ ಮುಂದಿನದೆಲ್ಲ ಷೇರುದಾರರು ತಮ್ಮತಮ್ಮಲ್ಲೇ ನಡೆಸುವ ಮಾರಾಟ. ನಿಮ್ಮ ಹಣ ಸೇರುವುದು ನಿಮಗೆ ಪರಿಚಯವೇ ಇಲ್ಲದ ಇನ್ಯಾವುದೋ ಷೇರುದಾರನಿಗೆ. ಪಠ್ಯಪುಸ್ತಕದಲ್ಲಿ ಪ್ರಾಥಮಿಕ ಮಾರುಕಟ್ಟೆ, ದ್ವಿತೀಯ ಮಾರುಕಟ್ಟೆ ಎಂದು ಓದಿದ್ದು ಇದನ್ನೇ.

ಹಾಗಾದರೆ ಬೆಲೆ ನಿಗದಿ ಮಾಡುವವರು ಯಾರು? ವಿನಿಮಯ ಕೇಂದ್ರವಂತೂ ಅಲ್ಲ. 1875ರ ಬಿಎಸ್‌ಇ ಇರಲಿ, 1994ರಲ್ಲಿ ಷೇರು ವಹಿವಾಟು ಶುರುಮಾಡಿದ ಎನ್‌ಎಸ್‌ಇ ಇರಲಿ, ಅವುಗಳ ಕಂಪ್ಯೂಟರ್ ಮಾಡುವುದು ಸರದಿ ನಿಲ್ಲಿಸುವ ಕೆಲಸ. ಕೊಳ್ಳುವವರಲ್ಲಿ ಹೆಚ್ಚು ಬೆಲೆ ಹೇಳಿದವರು ಮುಂದೆ, ಮಾರುವವರಲ್ಲಿ ಕಡಿಮೆ ಬೆಲೆ ಹೇಳಿದವರು ಮುಂದೆ. ಒಂದೇ ಬೆಲೆ ಹೇಳಿದವರಿದ್ದರೆ ಮೊದಲು ಬಂದವರು ಮುಂದೆ. ಎರಡು ಸಾಲುಗಳ ಬೆಲೆ ಕೂಡಿದಾಗ ವ್ಯವಹಾರ ಮುಗಿಯುತ್ತದೆ. ಟಿವಿಯ ಪಟ್ಟಿಯಲ್ಲಿ ಓಡುವ ಅಂಕಿ ಹೀಗೆ ಕೊನೆಯದಾಗಿ ಮುಗಿದ ವ್ಯವಹಾರದ ಬೆಲೆ ಅಷ್ಟೇ. ಮುಂದಿನ ಷೇರು ನಿಮಗೆ ಅದೇ ಬೆಲೆಗೆ ಸಿಗುತ್ತದೆಂಬ ಭರವಸೆ ಅದರಲ್ಲಿಲ್ಲ.

ಇದನ್ನು ತಿಳಿಯದೆ ಹೊಸಬರು ಕೈಸುಟ್ಟುಕೊಳ್ಳುವುದು ಹೆಚ್ಚು ವಹಿವಾಟಿಲ್ಲದ ಸಣ್ಣ ಕಂಪನಿಗಳಲ್ಲಿ. ಒಂದು ಷೇರಿನ ಕೊನೆಯ ಬೆಲೆ 500 ರೂಪಾಯಿ ಎಂದಿಟ್ಟುಕೊಳ್ಳಿ. ಮಾರುವವರ ಸಾಲಿನಲ್ಲಿ 500ಕ್ಕೆ 10 ಷೇರು, 510ಕ್ಕೆ 20, 530ಕ್ಕೆ 70 ಇವೆ. ನೀವು ಬೆಲೆ ಹೇಳದೆ ‘ಮಾರ್ಕೆಟ್ ಆರ್ಡರ್’ ಹಾಕಿ 100 ಷೇರು ಕೇಳಿದರೆ ಇಡೀ ಸಾಲು ನಿಮ್ಮ ಪಾಲಾಗಿ, ಕೊಡಬೇಕಾದ ಹಣ 52,300 ಆಗುತ್ತದೆ. ಅಂದರೆ ಷೇರಿಗೆ ಸರಾಸರಿ 523. ‘500ಕ್ಕಿಂತ ಹೆಚ್ಚು ಬೇಡ’ ಎಂದು ಲಿಮಿಟ್ ಆರ್ಡರ್ ಹಾಕಿದ್ದರೆ 10 ಷೇರು ಮಾತ್ರ ಬಂದು, ಉಳಿದ ಬೇಡಿಕೆ ಸರದಿಯಲ್ಲಿ ಕಾಯುತ್ತಿತ್ತು. ಆ ಕಾಯುವಿಕೆಯೇ ಲೇಸು. ಕೊಂಡ ಷೇರು ಮರುದಿನ ನಿಮ್ಮ ಡಿಮ್ಯಾಟ್ ಖಾತೆಗೆ ಬರುತ್ತದೆ. ಅದು ಬ್ರೋಕರ್ ಆ್ಯಪಿನಲ್ಲಿ ಕಂಡರೆ ಸಾಲದು. ಎನ್‌ಎಸ್‌ಡಿಎಲ್ ಅಥವಾ ಸಿಡಿಎಸ್‌ಎಲ್ ಕಳಿಸುವ ಪಟ್ಟಿಯಲ್ಲೂ ನಿಮ್ಮ ಹೆಸರಿನಲ್ಲಿದೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು.

ಇನ್ನು ಸೂಚ್ಯಂಕ. ನಿಫ್ಟಿ 50 ಎಂದರೆ 50 ಕಂಪನಿಗಳ ಷೇರು ಬೆಲೆಯ ಸರಾಸರಿ ಎಂದು ತಿಳಿದವರು ಬಹಳ. ಅದು ಸರಾಸರಿ ಅಲ್ಲ. ಪ್ರವರ್ತಕರ ಕೈಯಲ್ಲಿರುವ ಷೇರುಗಳನ್ನು ಬಿಟ್ಟು, ಪೇಟೆಯಲ್ಲಿ ಓಡಾಡಬಲ್ಲ ಷೇರುಗಳ ಒಟ್ಟು ಬೆಲೆ ಎಷ್ಟೋ ಅಷ್ಟು ತೂಕ ಆ ಕಂಪನಿಗೆ.

ಮೂರೇ ಕಂಪನಿಗಳ ಒಂದು ಪುಟ್ಟ ಸೂಚ್ಯಂಕ ಕಟ್ಟಿ ನೋಡೋಣ. ‘ಎ’ ಕಂಪನಿಯ 100 ಕೋಟಿ ಷೇರುಗಳ ಬೆಲೆ ತಲಾ 200 ರೂಪಾಯಿ. ಅರ್ಧ ಪ್ರವರ್ತಕರದು, ಹಾಗಾಗಿ ಲೆಕ್ಕಕ್ಕೆ ಬರುವುದು 10,000 ಕೋಟಿ. ಇದೇ ರೀತಿ ‘ಬಿ’ಯದು 6,000 ಕೋಟಿ, ‘ಸಿ’ಯದು 4,000 ಕೋಟಿ ಎನ್ನಿ. ಒಟ್ಟು 20,000 ಕೋಟಿ. ಇದನ್ನು 1,000 ಅಂಕ ಎಂದು ಕರೆಯೋಣ. ಈ ಸೂಚ್ಯಂಕವನ್ನು ಅನುಸರಿಸುವ ಇಂಡೆಕ್ಸ್ ಫಂಡಿಗೆ ನೀವು 1,000 ರೂಪಾಯಿ ಕೊಟ್ಟರೆ ಅದು 500ಕ್ಕೆ ‘ಎ’, 300ಕ್ಕೆ ‘ಬಿ’, 200ಕ್ಕೆ ‘ಸಿ’ ಕೊಳ್ಳುತ್ತದೆ.

ಈಗ ‘ಎ’ ಶೇ 10 ಏರಿತು, ‘ಬಿ’ ಅಲುಗಲಿಲ್ಲ, ‘ಸಿ’ ಅರ್ಧಕ್ಕೆ ಇಳಿಯಿತು. ಒಟ್ಟು ಮೌಲ್ಯ 11,000, 6,000, 2,000 ಸೇರಿ 19,000 ಕೋಟಿ, ಸೂಚ್ಯಂಕ 950. ನಿಮ್ಮ ಪಾಲು 550, 300, 100 ಸೇರಿ 950. ಫಂಡು ಒಂದೇ ಒಂದು ಷೇರನ್ನೂ ಕೊಳ್ಳಲಿಲ್ಲ, ಮಾರಲಿಲ್ಲ. ಆದರೂ ಸೂಚ್ಯಂಕದ ಜೊತೆಜೊತೆಗೇ ಇದೆ. ‘ಸಿ’ಯ ತೂಕ ಶೇ 20ರಿಂದ ಶೇ 10ರ ಹತ್ತಿರಕ್ಕೆ ತಾನಾಗಿ ಇಳಿದಿದೆ. ಇಂಡೆಕ್ಸ್ ಫಂಡಿನ ಖರ್ಚು ಕಡಿಮೆ ಯಾಕೆ ಎಂಬುದಕ್ಕೆ ಉತ್ತರ ಬಹುಮಟ್ಟಿಗೆ ಇಲ್ಲೇ ಇದೆ. ಯಾವ ಷೇರು ಒಳ್ಳೆಯದು ಎಂದು ತಲೆಕೆಡಿಸಿಕೊಳ್ಳುವ ಮ್ಯಾನೇಜರ್ ಇದಕ್ಕೆ ಬೇಕಿಲ್ಲ, ದಿನವೂ ಮಾರಿ ಕೊಳ್ಳುವ ಗೋಜೂ ಇಲ್ಲ. ಹೊಸ ಹಣ ಬಂದಾಗ, ಇದ್ದ ಹಣ ಹೊರಹೋದಾಗ, ಲಾಭಾಂಶ ಕೈಸೇರಿದಾಗ, ಮತ್ತು ಸೂಚ್ಯಂಕದ ಪಟ್ಟಿಯೇ ಬದಲಾದಾಗ ಮಾತ್ರ ಅದಕ್ಕೆ ಕೆಲಸ.

ಪಟ್ಟಿ ಬದಲಾಗುವುದನ್ನು ನೋಡಲು ಯೆಸ್ ಬ್ಯಾಂಕಿನ ಕಥೆಗಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. 2015ರಲ್ಲಿ ನಿಫ್ಟಿಗೆ ಸೇರಿದ ಈ ಬ್ಯಾಂಕಿನ ಷೇರು 2018ರ ಆಗಸ್ಟ್‌ನಲ್ಲಿ 400 ರೂಪಾಯಿಯ ಆಸುಪಾಸಿನಲ್ಲಿತ್ತು. ಕೆಟ್ಟ ಸಾಲಗಳ ಸುದ್ದಿ ಹೊರಬರುತ್ತಿದ್ದಂತೆ ಬೆಲೆ ಕುಸಿಯುತ್ತ ಹೋಯಿತು. 2020ರ ಮಾರ್ಚ್ 5ರ ಸಂಜೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿ, ಠೇವಣಿದಾರರು 50,000 ರೂಪಾಯಿಗಿಂತ ಹೆಚ್ಚು ತೆಗೆಯದಂತೆ ಮಾಡಿತು. ಮರುದಿನ ಒಂದೇ ದಿನದಲ್ಲಿ ಷೇರಿನ ಬೆಲೆ ಅರ್ಧಕ್ಕಿಂತ ಹೆಚ್ಚು ಕರಗಿತು.

ಈ ಇಳಿಜಾರಿನ ಉದ್ದಕ್ಕೂ ನಿಫ್ಟಿ ಇಂಡೆಕ್ಸ್ ಫಂಡುಗಳು ಯೆಸ್ ಬ್ಯಾಂಕ್ ಷೇರನ್ನು ಹಿಡಿದುಕೊಂಡೇ ಇದ್ದವು. ಬೇರೆ ದಾರಿ ಇರಲಿಲ್ಲ. ಪಟ್ಟಿಯಲ್ಲಿ ಇರುವತನಕ ಇಟ್ಟುಕೊಳ್ಳುವುದೇ ಅವುಗಳ ನಿಯಮ. ನಿಫ್ಟಿ ಆ ಷೇರನ್ನು ಮಾರ್ಚ್ 19ರಿಂದ ಕೈಬಿಟ್ಟು ಅದರ ಜಾಗಕ್ಕೆ ಶ್ರೀ ಸಿಮೆಂಟ್ ತಂದಿತು. ಆದರೆ ಅಷ್ಟರಲ್ಲಿ, ಮಾರ್ಚ್ 13ರಂದು ಹೊರಬಂದ ಪುನಶ್ಚೇತನ ಯೋಜನೆಯಲ್ಲಿ ಒಂದು ಷರತ್ತು ಸೇರಿತ್ತು: 100ಕ್ಕಿಂತ ಹೆಚ್ಚು ಷೇರು ಇರುವವರು ಅದರಲ್ಲಿ ಶೇ 75ನ್ನು ಮೂರು ವರ್ಷ ಮಾರುವಂತಿಲ್ಲ. ಹೀಗಾಗಿ ಸೂಚ್ಯಂಕ ಬಿಟ್ಟ ಷೇರು ಫಂಡುಗಳ ಗಂಟಿನಲ್ಲಿ ಸಿಕ್ಕಿಹಾಕಿಕೊಂಡಿತು. ಸೂಚ್ಯಂಕ ಕಾಗದದ ಮೇಲಿನ ಲೆಕ್ಕ, ಪೆನ್ಸಿಲಿನಲ್ಲಿ ಅಳಿಸಿ ಬರೆಯಬಹುದು. ಫಂಡು ಹಾಗಲ್ಲ, ಅದು ನಿಜವಾದ ಪೇಟೆಯಲ್ಲಿ ನಿಜವಾದ ಗಿರಾಕಿಗೆ ಮಾರಬೇಕು.

ಇಷ್ಟಾದರೂ ಹೂಡಿಕೆದಾರರಿಗೆ ಆ ಒಂದು ಷೇರಿನಿಂದ ಕೊನೆಗೆ ಬಿದ್ದ ಏಟು ಸಣ್ಣದು. ನಮ್ಮ ‘ಸಿ’ ಕಂಪನಿಯಂತೆ ಬೆಲೆಯೊಡನೆ ತೂಕವೂ ಇಳಿದು, ಆ ಹೊತ್ತಿಗೆ ನಿಫ್ಟಿಯಲ್ಲಿ ಯೆಸ್ ಬ್ಯಾಂಕಿನ ಪಾಲು ಶೇ 1ಕ್ಕಿಂತಲೂ ಕಡಿಮೆಯಾಗಿತ್ತು. ಅದೇ ತಿಂಗಳು ದೊಡ್ಡ ಏಟು ಕೊಟ್ಟಿದ್ದು ಇಡೀ ಪೇಟೆ: ಜನವರಿಯಲ್ಲಿ 12,000 ದಾಟಿದ್ದ ನಿಫ್ಟಿ ಕೊರೋನಾ ಭಯಕ್ಕೆ ಮಾರ್ಚ್ 23ರ ಹೊತ್ತಿಗೆ 7,610ರ ಹತ್ತಿರಕ್ಕೆ ಬಂತು. ಒಂದು ಕಂಪನಿ ಮುಳುಗಿದರೆ ಇಂಡೆಕ್ಸ್ ಫಂಡ್ ತಡೆದುಕೊಳ್ಳುತ್ತದೆ. ಐವತ್ತೂ ಒಟ್ಟಿಗೆ ಬಿದ್ದರೆ ಅದೂ ಬೀಳುತ್ತದೆ. ಎರಡು ವರ್ಷದಲ್ಲಿ ಕಾಲೇಜು ಶುಲ್ಕಕ್ಕೆ ಬೇಕಾಗುವ ಹಣವನ್ನು ಅದರಲ್ಲಿ ಇಡಬಾರದು ಎನ್ನುವುದು ಇದಕ್ಕೇ.

ಒಂದೇ ನಿಫ್ಟಿಯನ್ನು ಅನುಸರಿಸುವ ಫಂಡುಗಳು ಹಲವು. ಅವುಗಳಲ್ಲಿ ಆರಿಸುವಾಗ ಜಾಹೀರಾತು ಬಿಟ್ಟು, ಸೂಚ್ಯಂಕಕ್ಕಿಂತ ಫಂಡು ವರ್ಷಕ್ಕೆ ಎಷ್ಟು ಹಿಂದೆ ಬಿದ್ದಿದೆ ಎಂದು ನೋಡಿ. ಅದನ್ನು ಟ್ರ್ಯಾಕಿಂಗ್ ಡಿಫರೆನ್ಸ್ ಎನ್ನುತ್ತಾರೆ. ಫಂಡಿನ ಖರ್ಚು, ಕೈಯಲ್ಲಿ ಉಳಿದ ನಗದು, ಮಾರಲಾಗದೆ ಉಳಿದ ಷೇರು, ಎಲ್ಲವೂ ಅದರೊಳಗೆ ಬರುತ್ತವೆ. ಏಜೆಂಟರ ಕಮಿಷನ್ ಇಲ್ಲದ ಡೈರೆಕ್ಟ್ ಪ್ಲಾನಿನಲ್ಲಿ ಈ ಅಂತರ ಕಡಿಮೆ. ಹೋಲಿಕೆಯನ್ನು ಟಿವಿಯಲ್ಲಿ ಕಾಣುವ ನಿಫ್ಟಿಯೊಡನೆ ಮಾಡಬೇಡಿ. ಅದರಲ್ಲಿ ಕಂಪನಿಗಳು ಹಂಚುವ ಲಾಭಾಂಶ ಸೇರಿಲ್ಲ, ಫಂಡಿಗೆ ಮಾತ್ರ ಅದು ಬಂದು ಸೇರುತ್ತದೆ. ಲಾಭಾಂಶವನ್ನೂ ಸೇರಿಸಿದ ಲೆಕ್ಕಕ್ಕೆ ‘ನಿಫ್ಟಿ 50 ಟಿಆರ್‌ಐ’ ಎಂದು ಹೆಸರು. ಟಿವಿಯ ನಿಫ್ಟಿಯನ್ನು ನಮ್ಮ ಫಂಡು ಮೀರಿಸಿದೆ ಎಂದು ಯಾರಾದರೂ ಬೀಗಿದರೆ, ಟಿಆರ್‌ಐ ಎಷ್ಟಿತ್ತು ಎಂದು ಕೇಳಿ.