ಹಿಂಡದೆ ಒಗೆಯಬೇಕಾದ ಬಟ್ಟೆ

ಒಂದು ವರ್ಷ ಹಾಕಿಕೊಂಡ ಬ್ರಾ ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದು, ಅದರ ಬೆನ್ನಪಟ್ಟಿಯನ್ನು ಮೆಲ್ಲನೆ ಎಳೆದು ನೋಡಿ. ಅಂಚಿನಲ್ಲಿ ಕೂದಲಿಗಿಂತ ಸಣ್ಣದಾದ ಎಳೆಗಳು ತುಂಡಾಗಿ, ಸುರುಟಿಕೊಂಡು ಹೊರಗೆ ಚಾಚಿರುತ್ತವೆ. ಕೈಬಿಟ್ಟರೆ ಪಟ್ಟಿ ಮೊದಲಿನ ಉದ್ದಕ್ಕೆ ಮರಳುವುದಿಲ್ಲ, ಅಲೆಅಲೆಯಾಗಿ ನಿಂತುಬಿಡುತ್ತದೆ. ಕಪ್ಪು ಚೆನ್ನಾಗಿದೆ, ಹೊಲಿಗೆ ಬಿಟ್ಟಿಲ್ಲ, ಬಣ್ಣವೂ ಹೋಗಿಲ್ಲ. ಆದರೂ ಹಾಕಿಕೊಂಡರೆ ಬೆನ್ನ ಮೇಲೆ ಪಟ್ಟಿ ಮೇಲೇರುತ್ತದೆ, ಭುಜದ ಪಟ್ಟಿ ಜಾರುತ್ತದೆ. ‘ಈ ಕಂಪನಿ ಮಾಲು ಬಾಳಿಕೆ ಬರಲ್ಲ’ ಎಂದು ಗೊಣಗುತ್ತಾ ಅಂಗಡಿಗೆ ಹೋಗುತ್ತೇವೆ. ಎಷ್ಟೋ ಸಲ ಕಾರಣ ಅಂಗಡಿಯಲ್ಲಿರುವುದಿಲ್ಲ, ಬಚ್ಚಲುಮನೆಯಲ್ಲಿರುತ್ತದೆ.

ಹೊರಬಂದ ಆ ಎಳೆಗಳು ಎಲಾಸ್ಟೇನ್. ಲೇಬಲ್ಲಿನ ಮೇಲೆ ಸ್ಪ್ಯಾಂಡೆಕ್ಸ್ ಎಂದಿದ್ದರೂ ಅದೇ ವಸ್ತು. 1958ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯ ರಸಾಯನ ವಿಜ್ಞಾನಿ ಜೋಸೆಫ್ ಶಿವರ್ಸ್ ಇದನ್ನು ರೂಪಿಸಿದರು. ಲೈಕ್ರಾ ಎಂಬ ಹೆಸರಲ್ಲಿ ಇದು ಪೇಟೆಗೆ ಬಂದ ಮೇಲೆ, ಒಳಉಡುಪುಗಳಲ್ಲಿ ಅದುವರೆಗೂ ಇದ್ದ ದಪ್ಪ ರಬ್ಬರ್ ಹಿಂದೆ ಸರಿಯಿತು. ಎಲಾಸ್ಟೇನ್ ಒಂದು ಬಗೆಯ ಪಾಲಿಯುರೆಥೇನ್. ಅದರ ಅಣುಸರಪಳಿಯಲ್ಲಿ ಸುರುಳಿ ಸುತ್ತಿಕೊಂಡಿರುವ ಮೆತ್ತನೆಯ ಭಾಗಗಳಿವೆ, ನಡುನಡುವೆ ಅವನ್ನು ಬಿಗಿಹಿಡಿದಿರುವ ಗಟ್ಟಿ ಭಾಗಗಳಿವೆ. ಎಳೆದಾಗ ಸುರುಳಿ ಬಿಚ್ಚಿಕೊಳ್ಳುತ್ತದೆ, ಬಿಟ್ಟಾಗ ಮೆತ್ತನೆಯ ಭಾಗಗಳು ತಾವೇ ಮತ್ತೆ ಸುರುಳಿಯಾಗುತ್ತವೆ, ಸರಪಳಿಗಳು ಜಾರಿಹೋಗದಂತೆ ಗಟ್ಟಿ ಭಾಗಗಳು ಹಿಡಿದಿರುತ್ತವೆ. ಹೆಚ್ಚು ಬಿಸಿ ಈ ಗಟ್ಟಿ ಭಾಗಗಳ ಹಿಡಿತವನ್ನು ಸಡಿಲಿಸುತ್ತದೆ. ಬಟ್ಟೆ ಬೆಳ್ಳಗಾಗಲೆಂದು ಹಾಕುವ ಕ್ಲೋರಿನ್ ಬ್ಲೀಚು ಸರಪಳಿಯನ್ನೇ ಕತ್ತರಿಸುತ್ತದೆ. ಬಿಳಿ ಬ್ರಾ ಬ್ಲೀಚಿನಲ್ಲಿ ನೆನೆಸಿದ ಮೇಲೆ ಇನ್ನಷ್ಟು ಹಳದಿಯಾಯಿತು ಎನ್ನುವವರಿದ್ದಾರಲ್ಲ, ಅದು ಕೊಳೆಯ ಹಳದಿಯಲ್ಲ, ಎಲಾಸ್ಟೇನ್ ಕೆಟ್ಟ ಗುರುತು.

ಬೆನ್ನಪಟ್ಟಿಯ ಮೇಲೆ ಇಷ್ಟು ಗಮನ ಏಕೆಂದರೆ ಬ್ರಾದ ಭಾರ ಹೊರುವುದು ಬಹುಪಾಲು ಅದೇ. ಭುಜದ ಪಟ್ಟಿಗಳು ಸಹಾಯಕ್ಕಷ್ಟೆ. ಕೆಳಗಿನ ಪಟ್ಟಿ ಸೋತರೆ ಉಳಿದದ್ದೆಲ್ಲ ಹೊಸದಾಗಿದ್ದರೂ ಉಪಯೋಗವಿಲ್ಲ.

‘ಕೈಯಲ್ಲೇ ಒಗೆಯಿರಿ’ ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ನಮ್ಮ ಮನೆಗಳಲ್ಲಿ ಕೈಯಲ್ಲಿ ಒಗೆಯುವುದೆಂದರೆ ಏನು ಎಂಬುದನ್ನು ಆ ಸಲಹೆ ಕೊಟ್ಟವರು ನೋಡಿಲ್ಲ ಅಂತ ಕಾಣುತ್ತದೆ. ಸ್ನಾನ ಮುಗಿದ ಮೇಲೆ ಬಕೆಟ್ಟಿನಲ್ಲಿ ಉಳಿದ ಬಿಸಿನೀರು. ಬಾರ್ ಸೋಪನ್ನು ನೇರ ಬಟ್ಟೆಗೇ ಉಜ್ಜುವುದು. ಆಮೇಲೆ ಪ್ಲಾಸ್ಟಿಕ್ ಬ್ರಷ್ಷಿನಿಂದ ಗಸಗಸ ತಿಕ್ಕುವುದು, ಕೊನೆಗೆ ಹಗ್ಗ ಹೊಸೆದ ಹಾಗೆ ಹಿಂಡಿ, ಪಟಾರನೆ ಕೊಡವಿ, ತಂತಿಗೆ ಹಾಕುವುದು. ಕಾಟನ್ ಲಂಗಕ್ಕೆ ಇದು ಸರಿ. ಲೇಸಿನ ಬ್ರಾಗೆ ಇದಕ್ಕಿಂತ ಕೆಟ್ಟ ಶಿಕ್ಷೆ ಇಲ್ಲ. ಇಂಥ ಕೈಒಗೆತಕ್ಕಿಂತ, ಬಲೆಚೀಲದಲ್ಲಿ ಹಾಕಿ ಮಷೀನಿನಲ್ಲಿ ತಣ್ಣೀರಿನ ಡೆಲಿಕೇಟ್ ಸುತ್ತಿಗೆ ಬಿಡುವುದೇ ಎಷ್ಟೋ ಮೇಲು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹಾಗಾದರೆ ಕೈಯಲ್ಲಿ ಸರಿಯಾಗಿ ಒಗೆಯುವುದು ಹೇಗೆ? ಒಂದೇ ಒಂದು ಬ್ರಾ ತೆಗೆದುಕೊಳ್ಳೋಣ: ಕಪ್ಪಿನ ಮೇಲೆ ಲೇಸು, ಒಳಗೆ ತೆಳು ಫೋಮು, ಅಡಿಯಲ್ಲಿ ತಂತಿ, ಹಿಂದೆ ಮೂರು ಸಾಲು ಹುಕ್ಕು. ಮೊದಲ ಕೆಲಸ ಹುಕ್ಕು ಹಾಕುವುದು. ತೆರೆದ ಹುಕ್ಕು ಲೇಸಿಗೆ ಗಾಳದಂತೆ ಸಿಕ್ಕಿಕೊಳ್ಳುತ್ತದೆ. ಲೇಸಿನ ಕಣ್ಣುಗಳೆಲ್ಲ ನೈಲಾನಿನ ಸಣ್ಣ ಎಳೆಗಳನ್ನು ಒಂದಕ್ಕೊಂದು ಹೆಣೆದು ಮಾಡಿದವು. ಒಂದು ಎಳೆ ಜಗ್ಗಿದರೆ ಅದರ ಸಾಲಿನುದ್ದಕ್ಕೂ ನೆರಿಗೆ ಕಟ್ಟುತ್ತದೆ. ಹೀಗೆ ಎಳೆ ಹೊರಬಂದಿದ್ದರೆ ಕತ್ತರಿಸಬಾರದು. ದಪ್ಪ ಸೂಜಿಯ ತುದಿಯಿಂದ ಅದನ್ನು ಬಟ್ಟೆಯ ಒಳಮಗ್ಗುಲಿಗೆ ದಾಟಿಸಿ, ಲೇಸನ್ನು ಅಡ್ಡಕ್ಕೂ ಉದ್ದಕ್ಕೂ ಹಗುರವಾಗಿ ಎಳೆದರೆ ನೆರಿಗೆ ಬಹುಪಾಲು ಕೂತುಕೊಳ್ಳುತ್ತದೆ.

ಒಂದು ಅಗಲ ಟಬ್ಬಿನಲ್ಲಿ ನಾಲ್ಕೈದು ಲೀಟರ್ ನೀರು ಸಾಕು. ಬಿಸಿ 30 ಡಿಗ್ರಿ ದಾಟದಿರಲಿ. ಕೈ ಅದ್ದಿದರೆ ಬೆಚ್ಚಗಲ್ಲ, ತುಸು ತಂಪೇ ಅನ್ನಿಸಬೇಕು. ಅದಕ್ಕೆ ಒಂದು ಟೀ ಚಮಚ ಲಿಕ್ವಿಡ್ ಡಿಟರ್ಜೆಂಟು. ಪುಡಿಯೇ ಇದ್ದರೆ ಮೊದಲು ಒಂದು ಲೋಟ ನೀರಿನಲ್ಲಿ ಪೂರ್ತಿ ಕರಗಿಸಿ ಆಮೇಲೆ ಬೆರೆಸಬೇಕು, ಕರಗದ ಹರಳು ಲೇಸಿನ ಕಣ್ಣಿನಲ್ಲಿ ಕೂರುತ್ತದೆ. ಬೋರ್‌ವೆಲ್ ನೀರಿನ ಮನೆಗಳವರು ಇನ್ನೊಂದು ವಿಷಯ ಗಮನಿಸಬೇಕು. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಮೈಸೋಪಿನಂಥ ಸೋಪಿನೊಂದಿಗೆ ಸೇರಿ ಬೂದುಬಣ್ಣದ ಗಸಿಯಾಗುತ್ತದೆ. ಬಕೆಟ್ಟಿನ ಅಂಚಿಗೆ ಹಿಡಿಯುತ್ತದಲ್ಲ, ಅದೇ ಗಸಿ. ಅದು ಎಳೆಗಳ ನಡುವೆ ಸೇರಿದರೆ ಬಿಳಿ ಬಟ್ಟೆ ಮಂಕಾಗುತ್ತದೆ, ಪಟ್ಟಿ ಬಿರುಸಾಗುತ್ತದೆ. ಡಿಟರ್ಜೆಂಟಿಗೆ ಈ ಕಾಟ ತುಂಬಾ ಕಡಿಮೆ. ಆದ್ದರಿಂದ ಸ್ನಾನದ ಸೋಪಿನ ಚೂರಿನಲ್ಲಿ ಒಳಉಡುಪು ತೊಳೆದುಬಿಡುವ ಅಭ್ಯಾಸವನ್ನು ಗಡಸು ನೀರಿರುವಲ್ಲಿ ಬಿಡುವುದು ಒಳ್ಳೆಯದು.

ಬ್ರಾವನ್ನು ನೀರಿಗೆ ಅದ್ದಿ ಹತ್ತು ಹದಿನೈದು ನಿಮಿಷ ಹಾಗೇ ಬಿಡಿ. ರಾತ್ರಿಯಿಡೀ ನೆನೆಹಾಕಬೇಡಿ, ಬಿಟ್ಟ ಕೊಳೆ ಅದೇ ನೀರಿನಲ್ಲಿ ತಿರುಗಿ ಬಟ್ಟೆಗೆ ಹತ್ತುತ್ತದೆ, ಕಪ್ಪು ಬಣ್ಣದ ಪಟ್ಟಿಯಿದ್ದರೆ ಬಣ್ಣವೂ ಇಳಿಯುತ್ತದೆ. ಆಮೇಲೆ ಅಂಗೈಯಿಂದ ಒತ್ತುವುದು, ಬಿಡುವುದು, ಉಜ್ಜುವುದು ಬೇಡ. ನಿಜವಾಗಿ ಕೊಳೆಯಿರುವುದು ಕೆಲವೇ ಕಡೆ: ಕಂಕುಳ ಕೆಳಗಿನ ಭಾಗ, ಎದೆಯ ಅಡಿಯ ಪಟ್ಟಿ, ಮತ್ತು ಬೆನ್ನಿನ ಹುಕ್ಕಿನ ಸುತ್ತ. ಎಣ್ಣೆ ಹಚ್ಚಿ ಜಡೆ ಹೆಣೆಯುವವರ ಬೆನ್ನಪಟ್ಟಿಯಲ್ಲಿ ಕೊಬ್ಬರಿ ಎಣ್ಣೆಯ ಕಲೆ ಇದ್ದೇ ಇರುತ್ತದೆ, ಮುಗ್ಗಲು ವಾಸನೆ ಬರುವುದು ಅಲ್ಲಿಂದಲೇ. ಅಲ್ಲಿಗೆ ಮಾತ್ರ ಒಂದು ಹನಿ ಲಿಕ್ವಿಡ್ ಹಾಕಿ ಬೆರಳ ತುದಿಯಿಂದ ತೀಡಿದರೆ ಸಾಕು.

ಎತ್ತುವಾಗ ಭುಜದ ಪಟ್ಟಿ ಹಿಡಿದು ಎತ್ತಬೇಡಿ. ಫೋಮು ನೀರು ಕುಡಿದು ಭಾರವಾಗಿರುತ್ತದೆ, ಆ ಭಾರವೆಲ್ಲ ಒದ್ದೆ ಎಲಾಸ್ಟಿಕ್ಕಿನ ಮೇಲೆ ಬೀಳುತ್ತದೆ. ಎರಡೂ ಕೈಯಿಂದ ಅಡಿಯಿಂದ ಎತ್ತಿ, ನೊರೆ ಪೂರ್ತಿ ಹೋಗುವವರೆಗೆ ಎರಡು ಮೂರು ಸಲ ಹೊಸ ನೀರಿನಲ್ಲಿ ಜಾಲಾಡಿ. ಕಂಫರ್ಟಿನಂಥ ಮೆದುಗೊಳಿಸುವ ದ್ರವ ಹಾಕಬೇಡಿ, ಅದು ಎಳೆಗಳ ಮೇಲೆ ಜಿಡ್ಡಿನ ಪದರ ಕಟ್ಟುತ್ತದೆ. ಹಿಂಡುವ ಬದಲು ಒಣ ಟವೆಲಿನ ಮೇಲೆ ಹರಡಿ, ಟವೆಲನ್ನು ಚಾಪೆಯ ಹಾಗೆ ಸುತ್ತಿ ಮೇಲಿನಿಂದ ಒತ್ತಿ. ನೀರೆಲ್ಲ ಟವೆಲಿಗೆ ಹೋಗುತ್ತದೆ, ತಂತಿಯೂ ಸೊಟ್ಟಗಾಗುವುದಿಲ್ಲ. ಕಪ್ಪಿನ ಆಕಾರ ಒಳಗೆ ಕುಸಿದಿದ್ದರೆ ಒದ್ದೆಯಿರುವಾಗಲೇ ಬೆರಳಿನಿಂದ ಸರಿಮಾಡಬೇಕು, ಒಣಗಿದ ಮೇಲೆ ಆ ಮಡಿಕೆ ಅಷ್ಟು ಸುಲಭಕ್ಕೆ ಹೋಗುವುದಿಲ್ಲ.

ಇಷ್ಟೆಲ್ಲ ದಿನಾ ಯಾರಿಗೆ ಪುರಸೊತ್ತು? ಅದಕ್ಕೇ ಬಲೆಚೀಲ. ಅದನ್ನು ಕೊಳ್ಳುವಾಗ ನೋಡಬೇಕಾದದ್ದು ಎರಡೇ. ಬಲೆಯ ಕಣ್ಣು ಸಣ್ಣದಿರಬೇಕು, ಹುಕ್ಕಿನ ತುದಿ ಹೊರಗೆ ಇಣುಕಬಾರದು. ಜಿಪ್ಪಿನ ತಲೆಗೆ ಮುಚ್ಚಿಕೊಳ್ಳುವ ಒಂದು ಎಲಾಸ್ಟಿಕ್ ಗೂಡು ಇರಬೇಕು, ಇಲ್ಲದಿದ್ದರೆ ತಿರುಗುವಾಗ ಜಿಪ್ಪು ತಾನೇ ತೆರೆದುಕೊಳ್ಳುತ್ತದೆ. ಒಂದು ಚೀಲಕ್ಕೆ ಎರಡು ಬ್ರಾ ಸಾಕು. ತುರುಕಿದರೆ ನೀರು ಒಳಗೆ ಆಡುವುದಿಲ್ಲ, ಕೊಳೆ ಹೋಗುವುದಿಲ್ಲ. ತೀರಾ ದೊಡ್ಡ ಚೀಲವಾದರೆ ಒಳಗೇ ಪಟ್ಟಿಗಳು ಹೆಣೆದುಕೊಳ್ಳುತ್ತವೆ. ಫೋಮಿನ ಕಪ್ಪಿದ್ದರೆ ಒಂದರೊಳಗೊಂದು ಮಡಚಿ ಹಾಕುವುದು ಬೇಡ. ಉಬ್ಬಿದ ಆಕಾರಕ್ಕೆಂದೇ, ಪ್ಲಾಸ್ಟಿಕ್ ಚೌಕಟ್ಟು ಇರುವ ಗುಂಡಗಿನ ಚೀಲಗಳು ಬರುತ್ತವೆ.

ಮಷೀನುಗಳಲ್ಲೂ ವ್ಯತ್ಯಾಸವಿದೆ. ಮುಂದೆ ಬಾಗಿಲಿರುವ ಮಷೀನು ಬಟ್ಟೆಯನ್ನು ಎತ್ತಿ ಬೀಳಿಸುತ್ತದೆ. ಮೇಲೆ ಮುಚ್ಚಳವಿರುವ ಮಷೀನಿನ ತಳದ ಚಕ್ರ ನೀರನ್ನು ಸುಳಿಯೆಬ್ಬಿಸುವುದರಿಂದ ಪಟ್ಟಿಗಳು ಗಂಟಾಗುವುದು ಹೆಚ್ಚು, ಅಲ್ಲಿ ಚೀಲವಿಲ್ಲದೆ ಹಾಕಲೇಬಾರದು. ಎರಡರಲ್ಲೂ ಡೆಲಿಕೇಟ್ ಅಥವಾ ಹ್ಯಾಂಡ್‌ವಾಶ್ ಸುತ್ತು, ತಣ್ಣೀರು, ಇರುವುದರಲ್ಲಿ ಕಡಿಮೆ ವೇಗದ ಸ್ಪಿನ್ನು. ಜೊತೆಗೆ ಜೀನ್ಸು, ಟವೆಲು ಬೇಡ. ನೀರು ಕುಡಿದ ಜೀನ್ಸು ಚೀಲದ ಮೇಲೆ ಬಿದ್ದರೆ ಬಲೆ ಏನನ್ನೂ ತಡೆಯಲಾರದು. ತಂತಿಯ ಬ್ರಾವನ್ನು ಚೀಲವಿಲ್ಲದೆ ಹಾಕಿದರೆ ಬಟ್ಟೆಗಷ್ಟೇ ನಷ್ಟವಲ್ಲ. ಹೊಲಿಗೆ ಸವೆದ ತುದಿಯಿಂದ ಹೊರಬಂದ ತಂತಿ ಡ್ರಮ್ಮಿನ ತೂತಿನೊಳಗೆ ನುಸುಳಿ ಸಿಕ್ಕಿಕೊಳ್ಳುತ್ತದೆ. ತಿರುಗುವಾಗ ಕರಕರ ಸದ್ದು ಕೇಳಿದರೆ ಮಷೀನು ನಿಲ್ಲಿಸಿ, ಒಗೆದ ಬ್ರಾಗಳ ತಂತಿಗಳನ್ನು ಒಮ್ಮೆ ಎಣಿಸಿ ನೋಡಬೇಕು.

ಒಣಹಾಕುವುದರಲ್ಲಿ ನಮ್ಮದೇ ಒಂದು ತಾಪತ್ರಯವಿದೆ. ಯಾರ ಕಣ್ಣಿಗೂ ಬೀಳಬಾರದೆಂದು ಬ್ರಾವನ್ನು ತಂತಿಯ ಮೇಲೆ ಹಾಕಿ, ಅದರ ಮೇಲೊಂದು ಟವೆಲೋ ಸೀರೆಯೋ ಹೊದಿಸುತ್ತೇವೆ. ಎಲಾಸ್ಟಿಕ್ಕಿಗೆ ನೆರಳು ಬೇಕು ನಿಜ, ಉರಿಬಿಸಿಲು ಅದಕ್ಕೆ ಆಗದು. ಆದರೆ ಒದ್ದೆ ಹೊದಿಕೆಯ ಅಡಿಯಲ್ಲಿ ಗಾಳಿಯಾಡುವುದಿಲ್ಲ. ಮಲೆನಾಡಿನ ಮಳೆಗಾಲದಲ್ಲಿ, ಕರಾವಳಿಯ ಸೆಖೆಯಲ್ಲಿ ಫೋಮು ಎರಡು ದಿನವಾದರೂ ಹಸಿಯಾಗೇ ಇರುತ್ತದೆ. ಆ ಹಸಿಯನ್ನು ಮೈಗೆ ಹಾಕಿಕೊಂಡರೆ ಎದೆಯಡಿಯ ಮಡಿಕೆಯಲ್ಲಿ ಶಿಲೀಂಧ್ರದ ತುರಿಕೆ ಶುರುವಾಗಲು ಅನುಕೂಲ. ನಾಚಿಕೆಗೆ ಇಷ್ಟು ಬೆಲೆ ತೆರಬೇಕಾಗಿಲ್ಲ. ಕ್ಲಿಪ್ಪುಗಳಿರುವ ಹ್ಯಾಂಗರೊಂದನ್ನು ಫ್ಯಾನಿನ ಗಾಳಿ ತಾಗುವ ಕೋಣೆಯಲ್ಲಿ ತೂಗುಹಾಕಿದರೆ ಆಯಿತು. ಭುಜದ ಪಟ್ಟಿಯಿಂದ ನೇತುಹಾಕದೆ, ಎರಡು ಕಪ್ಪುಗಳ ನಡುವಿನ ಭಾಗವನ್ನು ತಂತಿಯ ಮೇಲೆ ಹಾಕಿ, ಎರಡೂ ಮಗ್ಗುಲು ಸಮವಾಗಿ ಇಳಿಬಿಡಬೇಕು. ಮಳೆಗಾಲದಲ್ಲಿ ಒಣಗಲಿಲ್ಲವೆಂದು ಇಸ್ತ್ರಿಪೆಟ್ಟಿಗೆ ಒತ್ತಬೇಡಿ, ಡ್ರೈಯರಿಗೂ ಹಾಕಬೇಡಿ. ಲೇಬಲ್ಲಿನ ಮೇಲೆ ಚೌಕದೊಳಗೆ ವೃತ್ತ, ಅದರ ಮೇಲೆ ಕಾಟು ಇದ್ದರೆ ಡ್ರೈಯರ್ ಬೇಡ ಎಂದೇ ಅರ್ಥ. ತ್ರಿಕೋನದ ಮೇಲೆ ಕಾಟಿದ್ದರೆ ಬ್ಲೀಚು ಬೇಡ. ಟಬ್ಬಿನೊಳಗೆ ಕೈ ಇದ್ದರೆ ಕೈಒಗೆತ.

ಎಷ್ಟೇ ಜೋಪಾನ ಮಾಡಿದರೂ ಪಟ್ಟಿ ಒಂದು ದಿನ ಸೋಲುತ್ತದೆ. ಹೊಸದನ್ನು ಕೊಳ್ಳುವಾಗ ತುದಿಯ ಹುಕ್ಕಿನ ಸಾಲಿಗೆ, ಅಂದರೆ ಅತಿ ಸಡಿಲ ಸಾಲಿಗೆ, ಹಿಡಿಸುವಂಥದನ್ನು ತೆಗೆದುಕೊಳ್ಳಬೇಕು. ಪಟ್ಟಿ ಸಡಿಲವಾದ ಹಾಗೆ ಒಳಗಿನ ಸಾಲಿಗೆ ಬರಬಹುದು, ಮೂರು ಸಾಲು ಇಟ್ಟಿರುವುದೇ ಅದಕ್ಕೆ. ಅತಿ ಬಿಗಿಯ ಸಾಲಿಗೆ ಹಾಕಿಯೂ ಬೆನ್ನ ಮೇಲೆ ಏರಿದರೆ ಆ ಎಲಾಸ್ಟೇನ್ ಮುಗಿಯಿತು, ಯಾವ ಒಗೆತವೂ ಅದನ್ನು ತಿರುಗಿ ಬಿಗಿಮಾಡದು.

ಇನ್ನು ಮನೆಯಲ್ಲಿರುವ ಎಲ್ಲ ಒಳಉಡುಪಿಗೂ ಈ ಉಪಚಾರ ಬೇಕಿಲ್ಲ. ನಿತ್ಯದ ಕಾಟನ್ ಚಡ್ಡಿಗಳಿಗೆ ಸ್ವಚ್ಛತೆಯೇ ಮುಖ್ಯ. ಅವನ್ನು ಬೆಚ್ಚನೆಯ ನೀರಿನಲ್ಲಿ ಚೆನ್ನಾಗಿ ಒಗೆದು ಬಿಸಿಲಿಗೆ ಹಾಕಬಹುದು. ಸೊಂಟದ ಎಲಾಸ್ಟಿಕ್ ತುಸು ಬೇಗ ಹೋದರೆ ಹೋಗಲಿ.