ಮೊದಲ ರಜೆ ಅರ್ಜಿ, ಒಂದು ಸಾಲಿನ ಷರಾ

ಸರ್ಕಾರಿ ಕಚೇರಿಯಲ್ಲಿ ಮೇಲಧಿಕಾರಿ ಕಾಗದದ ಅಂಚಿನಲ್ಲಿ ಬರೆಯುವ ಚುಟುಕು ಮಾತಿಗೆ ಷರಾ ಎನ್ನುತ್ತಾರೆ. ಹೆಚ್ಚಿನ ಷರಾಗಳು ಒಂದೆರಡು ಪದ ದಾಟುವುದಿಲ್ಲ. ‘ಮಂಜೂರು’ ಎಂದಿದ್ದರೆ ಮುಗಿಯಿತು. ‘ಪರಿಶೀಲಿಸಿ ಮಂಡಿಸಿ’ ಎಂದಿದ್ದರೆ ಕಾಗದ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುತ್ತದೆ. ‘ಚರ್ಚಿಸಿ’ ಎಂದಿದ್ದರೆ ಅರ್ಜಿ ಬರೆದವರು ಸಾಹೇಬರ ಕೊಠಡಿಯ ಮುಂದೆ ನಿಲ್ಲಬೇಕು. ಹೊಸದಾಗಿ ಕೆಲಸಕ್ಕೆ ಸೇರಿದವರು ಅತಿಯಾಗಿ ಹೆದರುವುದು ಈ ಮೂರನೆಯದಕ್ಕೆ. ಇಲ್ಲಿ ಬಿಡಿಸಿ ನೋಡುವ ಪ್ರಸಂಗದ ಷರಾ ಈ ಮೂರಕ್ಕೂ ಸೇರಿದ್ದಲ್ಲ. ಪ್ರಸಂಗ ಕಲ್ಪಿತ, ಅದರೊಳಗಿನ ನಿಯಮಗಳು ಕಲ್ಪಿತವಲ್ಲ.

ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕಚೇರಿ. ಪಿಂಚಣಿ ಶಾಖೆಯಲ್ಲಿ ಆರು ತಿಂಗಳ ಹಿಂದೆ ಸೇರಿದ ದ್ವಿತೀಯ ದರ್ಜೆ ಸಹಾಯಕಿ, ಕಚೇರಿಯ ಮಾತಿನಲ್ಲಿ ಎಸ್‌ಡಿಎ. ಊರು ಶಿರಸಿಯ ಹತ್ತಿರದ ಹಳ್ಳಿ. ಹಿಂದಿನ ಕೆಲಸ ಖಾಸಗಿ ಶಾಲೆಯಲ್ಲಿ ಪಾಠ ಹೇಳುವುದು. ಮಾರ್ಚ್‌ನಲ್ಲಿ ಶಿರಸಿಯ ಮಾರಿಕಾಂಬೆಯ ಜಾತ್ರೆ. ಅದು ನಡೆಯುವುದು ಎರಡು ವರ್ಷಕ್ಕೊಮ್ಮೆ. ಮಂಗಳವಾರ ದೇವಿಯ ಕಲ್ಯಾಣ, ಬುಧವಾರ ರಥೋತ್ಸವ. ಆಮೇಲೆ ಒಂದು ವಾರ ದೇವಿ ಬಿಡಕಿ ಬಯಲಿನ ಗದ್ದುಗೆಯ ಮೇಲೆ ಕುಳಿತು ಸೇವೆ ಸ್ವೀಕರಿಸುತ್ತಾಳೆ. ಮದುವೆಯಾಗಿ ಹೋದ ಅಕ್ಕಂದಿರು ತವರಿಗೆ ಬರುವುದೂ ಆಗಲೇ. ಗುರುವಾರ ರಾತ್ರಿಯ ಬಸ್ಸು ಹಿಡಿದರೆ ಶುಕ್ರವಾರ ಬೆಳಗ್ಗೆ ಊರು ಸೇರಬಹುದು. ಬೇಕಾಗಿದ್ದುದು ಶುಕ್ರವಾರ, ಶನಿವಾರ ಎರಡು ದಿನ. ಭಾನುವಾರ ಹೇಗೂ ಇದೆ.

ಅಂಜಿಕೆಗೆ ಕಾರಣ ಎರಡು. ಮೊದಲನೆಯದು ಪ್ರೊಬೇಷನ್. ರಾಜ್ಯ ಸರ್ಕಾರದ ಸೇವೆಯಲ್ಲಿ ಈ ಅವಧಿ ಕನಿಷ್ಠ ಎರಡು ವರ್ಷ, ಮತ್ತು ಅದು ತೃಪ್ತಿಕರವಾಗಿ ಮುಗಿಯಿತೆಂದು ಘೋಷಣೆಯಾಗಬೇಕು. ರಜೆ ಹಾಕಿದಷ್ಟು ದಿನ ಪ್ರೊಬೇಷನ್ ಮುಂದಕ್ಕೆ ಹೋಗುತ್ತದೆ ಎಂದು ಪಕ್ಕದ ಮೇಜಿನವರು ಯಾರೋ ಹೇಳಿರುತ್ತಾರೆ. ಈ ಮಾತು ಅಸಾಧಾರಣ ರಜೆಯ ಮಟ್ಟಿಗೆ, ಅಂದರೆ ಸಂಬಳವಿಲ್ಲದ ರಜೆಯ ಮಟ್ಟಿಗೆ ನಿಜ. ಅವಧಿಯ ಲೆಕ್ಕದಲ್ಲಿ ಆ ದಿನಗಳು ಸೇರುವುದಿಲ್ಲ. ಸಾಂದರ್ಭಿಕ ರಜೆಗೆ, ಅಂದರೆ ಎಲ್ಲರೂ ಸಿಎಲ್ ಎನ್ನುವ ರಜೆಗೆ, ಅದು ಅನ್ವಯಿಸುವುದಿಲ್ಲ. ಸಿಎಲ್ ಅಸಲಿಗೆ ಸೇವಾ ನಿಯಮಗಳು ಮಾನ್ಯ ಮಾಡಿದ ರಜೆಯ ಜಾತಿಗೇ ಸೇರಿದ್ದಲ್ಲ. ಸಿಎಲ್ ಮೇಲೆ ಇರುವವರನ್ನು ಕರ್ತವ್ಯದ ಮೇಲೆ ಇರುವವರೆಂದೇ ಎಣಿಸಲಾಗುತ್ತದೆ. ಆದ್ದರಿಂದ ಸಂಬಳಕ್ಕೂ ತೊಂದರೆಯಿಲ್ಲ, ಪ್ರೊಬೇಷನ್‌ಗೂ ತೊಂದರೆಯಿಲ್ಲ. ಗಳಿಕೆ ರಜೆಯ ಲೆಕ್ಕ ಸೇವಾ ಪುಸ್ತಕಕ್ಕೆ ಹೋದರೆ ಸಿಎಲ್‌ಗೆ ಕಚೇರಿಯಲ್ಲೇ ಬೇರೆ ರಿಜಿಸ್ಟರು ಇರುವುದೂ ಇದಕ್ಕೇ.

ಎರಡನೆಯ ಕಾರಣ ಮಾರ್ಚ್ ತಿಂಗಳು. ಈ ಅಂಜಿಕೆ ಮಾತ್ರ ಹುಸಿಯಲ್ಲ. ಹಣಕಾಸು ವರ್ಷ 31ಕ್ಕೆ ಮುಗಿಯುತ್ತದೆ. ಆ ಹೊತ್ತಿಗೆ ಖಜಾನೆ ದಾಟದ ಬಿಲ್ಲಿನ ಅನುದಾನ ಸಾಮಾನ್ಯವಾಗಿ ಕೈಬಿಟ್ಟುಹೋಗುತ್ತದೆ. ರಜೆ ಎಂಬುದು ಹಕ್ಕಲ್ಲ, ಸರ್ಕಾರಿ ಕೆಲಸಕ್ಕೆ ಅಗತ್ಯವೆನಿಸಿದರೆ ಅಧಿಕಾರಿ ನಿರಾಕರಿಸಬಹುದು ಎಂಬ ಮಾತನ್ನು ಅಧಿಕಾರಿಗಳು ಹೆಚ್ಚಾಗಿ ನೆನೆಯುವುದು ಈ ತಿಂಗಳಲ್ಲೇ. ಆ ಪದದ ಹುಟ್ಟಿನಲ್ಲೂ ಇದರ ಗುರುತಿದೆ. ಅರಬ್ಬಿ ಮೂಲದಿಂದ ಬಂದ ‘ರಜಾ’ ಶಬ್ದಕ್ಕೆ ಒಪ್ಪಿಗೆ, ಸಮ್ಮತಿ ಎಂದೇ ಅರ್ಥ. ಬಿಡುವು ಎಂಬ ಅರ್ಥ ಆಮೇಲೆ ಅಂಟಿಕೊಂಡದ್ದು.

ಅರ್ಜಿಯ ಮೊದಲ ಕರಡಿನಲ್ಲಿ ‘ಅನಾರೋಗ್ಯದ ನಿಮಿತ್ತ’ ಎಂದಿತ್ತು. ಹತ್ತು ದಿನ ಮುಂಚೆಯೇ ಗೊತ್ತಾಗುವ ಜ್ವರ ಯಾರೂ ನಂಬದ ಜ್ವರ, ಅದು ಹರಿದುಹೋಯಿತು. ಎರಡನೆಯ ಕರಡಿನಲ್ಲಿ ‘ಊರಿನ ಜಾತ್ರೆಯ ನಿಮಿತ್ತ’ ಎಂದು ಬಂತು. ಮಾರ್ಚ್ ಕೊನೆಯಲ್ಲಿ ಜಾತ್ರೆಗೆ ರಜೆಯೇ ಎಂದು ಸಾಹೇಬರು ಕೇಳುವ ದನಿ ಬರೆಯುವಾಗಲೇ ಕಿವಿಗೆ ಬಿದ್ದು ಅದೂ ಹರಿಯಿತು. ಮೂರನೆಯದರಲ್ಲಿ ಕಚೇರಿಗಳ ಹಳೆಯ ಆಸರೆಯ ಮಾತು ಸಿಕ್ಕಿತು:

‘ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನನಗೆ ಅನಿವಾರ್ಯ ಗೃಹಕೃತ್ಯವಿರುವುದರಿಂದ ಶುಕ್ರವಾರ ಮತ್ತು ಶನಿವಾರ ಒಟ್ಟು ಎರಡು ದಿನಗಳ ಸಾಂದರ್ಭಿಕ ರಜೆಯನ್ನು ಮಂಜೂರು ಮಾಡಿ, ಭಾನುವಾರದ ಸಾರ್ವತ್ರಿಕ ರಜೆಯನ್ನು ಬಳಸಿಕೊಳ್ಳಲು ಹಾಗೂ ಕೇಂದ್ರಸ್ಥಾನ ಬಿಡಲು ಅನುಮತಿ ನೀಡಬೇಕೆಂದು ಕೋರುತ್ತೇನೆ. ನನ್ನ ಬಳಿ ಬಾಕಿಯಿರುವ ಅರ್ಜಿಗಳ ಪಟ್ಟಿಯನ್ನು ಲಗತ್ತಿಸಿದೆ. ರಜೆಯ ಅವಧಿಯಲ್ಲಿ ಶಾಖೆಯ ಸಹೋದ್ಯೋಗಿ ನನ್ನ ಕೆಲಸ ನೋಡಿಕೊಳ್ಳಲು ಒಪ್ಪಿರುತ್ತಾರೆ.’

ಆರು ತಿಂಗಳ ಅನುಭವಕ್ಕೆ ಇದು ಒಳ್ಳೆಯ ಅರ್ಜಿ. ‘ಗೃಹಕೃತ್ಯ’ ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ. ಸಿಎಲ್‌ಗೆ ಪ್ರಮಾಣಪತ್ರ ಬೇಕಿಲ್ಲವಾದ್ದರಿಂದ ಅಷ್ಟೇ ಸಾಕು. ನಿಜವಾಗಿ ತೂಕವಿರುವುದು ಬಾಕಿ ಪಟ್ಟಿಗೆ ಮತ್ತು ಕೆಲಸ ನೋಡಿಕೊಳ್ಳುವವರ ಒಪ್ಪಿಗೆಗೆ. ರಜೆ ಕೊಡುವವರ ತಲೆಯಲ್ಲಿ ಓಡುವ ಪ್ರಶ್ನೆ ‘ಏಕೆ ಹೋಗುತ್ತಾರೆ’ ಎಂಬುದಕ್ಕಿಂತ ‘ವಿಧವಾ ವೇತನ ಕೇಳಿಕೊಂಡು ಬಂದ ಅಜ್ಜಿಗೆ ಆ ದಿನ ಯಾರು ಉತ್ತರ ಹೇಳುತ್ತಾರೆ’ ಎಂಬುದು. ಅನೇಕರು ಕಾರಣವನ್ನು ಅರ್ಧ ಪುಟ ಬರೆದು ಈ ಸಾಲನ್ನೇ ಬಿಟ್ಟಿರುತ್ತಾರೆ.

ಆದರೆ ಅರ್ಜಿಯಲ್ಲಿ ಎರಡು ಕಡೆ ಲೆಕ್ಕ ತಪ್ಪಿತ್ತು. ಒಂದು, ಮುಚ್ಚಿಟ್ಟ ಜಾತ್ರೆ ಬಯಲಾಗಿತ್ತು. ನೌಕರರು ಕೆಲಸ ಮಾಡುವ ಊರೇ ಅವರ ಕೇಂದ್ರಸ್ಥಾನ. ರಜೆಯಲ್ಲಾದರೂ ಅದನ್ನು ಬಿಟ್ಟು ಹೋಗಲು ಅನುಮತಿ ಬೇಕು, ಅನುಮತಿ ಕೇಳುವಾಗ ಹೋಗುವ ಊರಿನ ವಿಳಾಸ ಬರೆಯಬೇಕು. ನಿಯಮ ಪಾಲಿಸಿ ಅರ್ಜಿಯ ಕೆಳಗೆ ಬರೆದ ವಿಳಾಸ ‘ಶಿರಸಿ ತಾಲ್ಲೂಕು, ಉತ್ತರ ಕನ್ನಡ ಜಿಲ್ಲೆ’. ಜಾತ್ರೆಯ ವರ್ಷ, ಜಾತ್ರೆಯ ವಾರ, ಶಿರಸಿಯ ವಿಳಾಸ. ಗೃಹಕೃತ್ಯ ಯಾವುದೆಂದು ಊಹಿಸಲು ತಹಶೀಲ್ದಾರರೇ ಆಗಬೇಕಾಗಿರಲಿಲ್ಲ.

ಇನ್ನೊಂದು ತಪ್ಪು ಶನಿವಾರದ್ದು. ಅದು ತಿಂಗಳ ನಾಲ್ಕನೇ ಶನಿವಾರ. ರಾಜ್ಯ ಸರ್ಕಾರಿ ಕಚೇರಿಗಳಿಗೆ ಎರಡನೇ ಶನಿವಾರ ಮೊದಲಿನಿಂದಲೂ ರಜೆ ಇತ್ತು. 2019ರಲ್ಲಿ ನಾಲ್ಕನೆಯದೂ ಸೇರಿತು, ಆದರೆ ಪುಕ್ಕಟೆಯಾಗಿ ಅಲ್ಲ. ಅದರ ಜತೆಗೇ ವರ್ಷಕ್ಕೆ 15 ಇದ್ದ ಸಾಂದರ್ಭಿಕ ರಜೆಯನ್ನು 10ಕ್ಕೆ ಇಳಿಸಲಾಯಿತು. ಐದು ಸಿಎಲ್ ತೆತ್ತು 12 ಶನಿವಾರ ಕೊಂಡಂತೆ. ಹಾಗಿರುವಾಗ ನಾಲ್ಕನೇ ಶನಿವಾರಕ್ಕೆ ಸಿಎಲ್ ಹಾಕುವುದೆಂದರೆ ಒಂದೇ ಸಾಮಾನಿಗೆ ಎರಡು ಸಲ ದುಡ್ಡು ಕೊಟ್ಟ ಹಾಗೆ. ಡಿಸೆಂಬರ್ 31ಕ್ಕೆ ಉಳಿದ ಸಿಎಲ್ ಮುಂದಿನ ವರ್ಷಕ್ಕೆ ಬರುವುದಿಲ್ಲ ಎಂಬುದು ಬೇರೆ ಮಾತು. ಮಾರ್ಚ್‌ನಲ್ಲಿ ಅದರ ಚಿಂತೆಯಿಲ್ಲ.

ತಪ್ಪಿಗೂ ಒಂದು ಹಿನ್ನೆಲೆಯಿತ್ತು. ಖಾಸಗಿ ಶಾಲೆಯಲ್ಲಿ ಎಲ್ಲ ಶನಿವಾರವೂ ಅರ್ಧ ದಿನದ ಕೆಲಸ. ಈ ಕಚೇರಿಯಲ್ಲೋ ಮಾರ್ಚ್ ಬಂತೆಂದರೆ ರಜಾದಿನಗಳಲ್ಲೂ ಬಾಗಿಲು ತೆರೆದಿರುತ್ತದೆ, ಬಿಲ್ಲು ಬರೆಯುವವರು ಬಂದು ಕೂರುತ್ತಾರೆ. ಎಲ್ಲರೂ ಬರುವ ದಿನ ಕೆಲಸದ ದಿನವೇ ಇರಬೇಕು ಎಂಬುದು ಹೊಸಬರಿಗೆ ಸಹಜವಾದ ಊಹೆ. ಆದರೆ ಬಾಗಿಲು ತೆರೆದಿದ್ದ ಮಾತ್ರಕ್ಕೆ ರಜಾದಿನ ಕೆಲಸದ ದಿನವಾಗುವುದಿಲ್ಲ. ಆ ಶನಿವಾರವನ್ನು ಕೆಲಸದ ದಿನವೆಂದು ಆದೇಶ ಹೊರಟಿದ್ದರೆ, ಅಥವಾ ಇಂಥವರು ಹಾಜರಿರಬೇಕು ಎಂದು ಬರೆದು ಕೊಟ್ಟಿದ್ದರೆ ಮಾತು ಬೇರೆ. ಅಂಥ ಕಾಗದ ಯಾವುದೂ ಇರಲಿಲ್ಲ.

ಅರ್ಜಿ ಮೊದಲು ಶಿರಸ್ತೇದಾರರ ಮೇಜಿಗೆ ಹೋಯಿತು. ಅವರು ಸಿಎಲ್ ರಿಜಿಸ್ಟರು ತೆಗೆದು, ಆ ವರ್ಷದ 10 ದಿನಗಳೂ ಹಾಗೇ ಇವೆ ಎಂದು ನೋಡಿ, ‘ಮಂಜೂರು ಮಾಡಬಹುದು’ ಎಂದು ಬರೆದು ಒಳಗೆ ಕಳಿಸಿದರು. ಶನಿವಾರವನ್ನು ಅವರೂ ಗಮನಿಸಲಿಲ್ಲ. ಸಾಮಾನ್ಯವಾಗಿ ಇಂಥ ಅರ್ಜಿಗೆ ಇದಾದ ಮೇಲೆ ಒಂದು ಸಹಿ ಬೀಳುತ್ತದೆ, ರಿಜಿಸ್ಟರಿನಲ್ಲಿ ಎರಡು ದಿನ ಕಳೆಯುತ್ತದೆ, ಒಂದು ಸಿಎಲ್ ಸುಮ್ಮನೆ ಹೋಗಿರುತ್ತದೆ. ಹೋದದ್ದು ಯಾರಿಗೂ ಗೊತ್ತೇ ಆಗುವುದಿಲ್ಲ.

ಸಂಜೆ ಅರ್ಜಿ ಹೊರಬಂತು. ಅಂಚಿನಲ್ಲಿ ಹಸಿರು ಶಾಯಿಯಲ್ಲಿ ಒಂದು ಸಾಲು: ‘ಮಂಜೂರು, ಶನಿವಾರವನ್ನು ಸರ್ಕಾರವೇ ಕೊಟ್ಟಿದೆ, ಆ ಸಿಎಲ್ ಸೋಮವಾರಕ್ಕೆ ಹಾಕಿಕೊಂಡು ಜಾತ್ರೆ ಮುಗಿಸಿ ಬನ್ನಿ.’

ಸಾಲನ್ನು ಮೂರು ಸಲ ಓದಬೇಕಾಯಿತು. ಮೊದಲ ಸಲ ಕಂಡದ್ದು ‘ಮಂಜೂರು’ ಒಂದೇ. ಎರಡನೆಯ ಸಲ ಶನಿವಾರ ಕಂಡು ಮುಖ ಬೆಚ್ಚಗಾಯಿತು. ‘ಜಾತ್ರೆ’ ಎಂಬ ಪದ ಕಣ್ಣಿಗೆ ಬಿದ್ದದ್ದು ಮೂರನೆಯ ಸಲ. ಅರ್ಜಿಯಲ್ಲಿ ಎಲ್ಲೂ ಇಲ್ಲದ ಪದ ಅದು. ‘ಮಂಜೂರ್’ ಶಬ್ದ ಅರಬ್ಬಿಯಲ್ಲಿ ನೋಟ ಎಂಬರ್ಥದ ‘ನಜರ್’ ಧಾತುವಿನದು. ನೋಡಲ್ಪಟ್ಟದ್ದು ಎಂಬುದು ಅದರ ಹಳೆಯ ಅರ್ಥ. ಈ ಅರ್ಜಿಯ ಮಟ್ಟಿಗೆ ಆ ಅರ್ಥವೇ ಸರಿಹೋಗುತ್ತಿತ್ತು.

ಷರಾದಲ್ಲಿ ಸೋಮವಾರ ಬಂದಿತೆಂದು ನೇರವಾಗಿ ಹೊರಟುಬಿಡುವಂತಿಲ್ಲ. ಕೇಳದ ದಿನಕ್ಕೆ ಮಂಜೂರಾತಿ ನಿಲ್ಲುವುದಿಲ್ಲ. ನಾಳೆ ಯಾರಾದರೂ ರಿಜಿಸ್ಟರು ತಾಳೆ ನೋಡಿದರೆ ಅರ್ಜಿಯಲ್ಲೊಂದು ದಿನ, ಷರಾದಲ್ಲೊಂದು ದಿನ ಇದ್ದೀತು. ಶಿರಸ್ತೇದಾರರು ಕನ್ನಡಕ ಮೇಲೇರಿಸಿ, ‘ಏನಮ್ಮಾ, ಸಾಹೇಬರು ಬರೆದರು ಅಂತ ಆಯ್ತೇ? ಸೋಮವಾರ ಅಂತ ನೀವೂ ಬರೆದುಕೊಡಿ’ ಎಂದರು. ಅಪರಾಹ್ನದ ತಪ್ಪಿನಲ್ಲಿ ತಮ್ಮ ಪಾಲಿರುವುದನ್ನು ಅವರು ಎತ್ತಲಿಲ್ಲ, ಆಕೆಯೂ ಎತ್ತಲಿಲ್ಲ. ಹೊಸ ಅರ್ಜಿ ಹೀಗಾಯಿತು: ಶುಕ್ರವಾರ ಮತ್ತು ಸೋಮವಾರ ಎರಡು ದಿನ ಸಾಂದರ್ಭಿಕ ರಜೆ, ನಡುವಿನ ನಾಲ್ಕನೇ ಶನಿವಾರ ಮತ್ತು ಭಾನುವಾರ ಸಾರ್ವತ್ರಿಕ ರಜೆಯ ಬಳಕೆ. ನಡುವೆ ಬರುವ ಸಾರ್ವತ್ರಿಕ ರಜೆಗಳು ಸಿಎಲ್ ಲೆಕ್ಕಕ್ಕೆ ಸೇರುವುದಿಲ್ಲ. ಮೊದಲು ಕೇಳಿದಷ್ಟೇ ಸಿಎಲ್ ಖರ್ಚಾಗಿ ಮೂರು ದಿನದ ಬಿಡುವು ನಾಲ್ಕಾಯಿತು. ಕಾರಣದ ಜಾಗದಲ್ಲಿ ಈ ಸಲ ‘ಊರಿನ ಜಾತ್ರೆ’ ಎಂದೇ ಇತ್ತು.

ಹೊಸ ಅರ್ಜಿಗೆ ಬಿದ್ದ ಷರಾ ‘ಮಂಜೂರು’ ಎಂಬ ಒಂದೇ ಪದ. ಸಿಎಲ್ ರಿಜಿಸ್ಟರಿನಲ್ಲಿ ಆಕೆಯ ಹೆಸರಿನ ಮುಂದೆ ಬಳಸಿದ್ದು 2, ಉಳಿದದ್ದು 8 ಎಂದು ದಾಖಲಾಯಿತು. ಅಲ್ಲಿ ದಿನಾಂಕಕ್ಕೂ ಅಂಕಿಗೂ ಮಾತ್ರ ಜಾಗ. ಹಸಿರು ಶಾಯಿಯ ಸಾಲಿದ್ದ ಹಳೆಯ ಅರ್ಜಿ ಯಾವ ಕಡತಕ್ಕೂ ಬೇಡವಾಗಿ ಪಿಂಚಣಿ ಶಾಖೆಯ ಮೇಜಿನ ಡ್ರಾಯರಿಗೆ ಸೇರಿತು.