ಓದಿ ಮುಗಿಸುವ ಮೊದಲೇ ಮಾಯವಾಗುವ ಸಾಲು

ಪರಭಾಷೆಯ ವಿಡಿಯೊವನ್ನು ಅರ್ಧಕ್ಕೇ ಬಿಟ್ಟವರನ್ನು ಕೇಳಿದರೆ ‘ಬೋರ್ ಆಯಿತು’ ಎನ್ನುತ್ತಾರೆ. ಆದರೆ ಎಷ್ಟೋ ಸಲ ಅವರನ್ನು ದಣಿಸಿದ್ದು ಕಥೆಯಲ್ಲ, ಪರದೆಯ ಕೆಳಗೆ ಓಡುತ್ತಿದ್ದ ಅಕ್ಷರಗಳು.

ಸಬ್‌ಟೈಟಲ್ ಬರೆಯುವವರು ಈ ಓಟವನ್ನು ಸಿಪಿಎಸ್‌ನಲ್ಲಿ ಅಳೆಯುತ್ತಾರೆ. ಒಂದು ಸಾಲಿನಲ್ಲಿರುವ ಅಕ್ಷರಗಳನ್ನು, ಪದಗಳ ನಡುವಿನ ಖಾಲಿ ಜಾಗವನ್ನೂ ಸೇರಿಸಿ, ಅದು ಪರದೆಯ ಮೇಲೆ ನಿಲ್ಲುವ ಸೆಕೆಂಡುಗಳಿಂದ ಭಾಗಿಸಿದರೆ ಸಿಪಿಎಸ್ ಸಿಗುತ್ತದೆ. ಟೆಡ್ ಭಾಷಣಗಳ ಅನುವಾದಕರಿಗೆ ಹಾಕಿರುವ ಮಿತಿ 21.

ಒಂದು ಅಡುಗೆ ವಿಡಿಯೊ ಇದೆ ಎಂದುಕೊಳ್ಳೋಣ. ‘ಮೊದಲು ಎಣ್ಣೆ ಕಾಯಲಿ, ಆಮೇಲೆ ಸಾಸಿವೆ ಹಾಕಿ’ ಎಂಬ ಸಾಲು ಒಂದೂವರೆ ಸೆಕೆಂಡು ಕಾಣಿಸುತ್ತದೆ. ಕಂಪ್ಯೂಟರ್ ಕಾಗುಣಿತದ ಗುರುತು, ಒತ್ತಕ್ಷರದ ತುಂಡುಗಳನ್ನೆಲ್ಲ ಬೇರೆಬೇರೆ ಎಣಿಸಿದರೆ ಇಲ್ಲಿರುವುದು 36 ಅಕ್ಷರ, ಅಂದರೆ ಸೆಕೆಂಡಿಗೆ 24. ನಾವು ಕಣ್ಣಳತೆಯಲ್ಲಿ ಎಣಿಸಿದರೆ ‘ಣ್ಣೆ’ ಒಂದೇ ಅಕ್ಷರ. ಆಗ ಒಟ್ಟು 22, ವೇಗ 15ಕ್ಕೂ ಕಡಿಮೆ. ಇಂಗ್ಲಿಷಿಗೆ ರೂಪಿಸಿದ ಮಿತಿಯನ್ನು ಕನ್ನಡಕ್ಕೆ ಕಣ್ಣುಮುಚ್ಚಿ ಅನ್ವಯಿಸಬಾರದು ಎನ್ನುವುದು ಇದಕ್ಕೇ. ತಂತ್ರಾಂಶ ಯಾವ ಲೆಕ್ಕ ಹಿಡಿಯುತ್ತದೆ ಎಂದು ಮೊದಲು ನೋಡಿಕೊಳ್ಳಬೇಕು.

ವೇಗ ಹೆಚ್ಚಾದಾಗ ಕಣ್ಣು ಏನು ಮಾಡುತ್ತದೆ? ಕಣ್ಣಿನ ಚಲನೆಯನ್ನು ದಾಖಲಿಸುವ ಯಂತ್ರದ ನೆರವಿನಿಂದ ಯಾನ್-ಲೂಯಿಸ್ ಕ್ರೂಗರ್ ಮತ್ತು ಸಂಗಡಿಗರು 12, 20, 28 ಸಿಪಿಎಸ್‌ಗಳನ್ನು ಹೋಲಿಸಿದರು. 2022ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ವೇಗ ಏರಿದಂತೆ ನೋಡುಗರು ಹೆಚ್ಚು ಪದಗಳನ್ನು ಹಾರಿಸಿದರು, ತಿರುಗಿ ಓದುವುದು ಕಡಿಮೆಯಾಯಿತು, ಅರ್ಥವಾದದ್ದೂ ಕುಗ್ಗಿತು. ಹಾಗೆಂದು ನಿಧಾನ ಮಾಡಿದಷ್ಟೂ ಒಳ್ಳೆಯದು ಎಂದಲ್ಲ. ಅಗ್ನೆಷ್ಕಾ ಶಾರ್ಕೋವ್ಸ್ಕಾ ಮತ್ತು ಒಲಿವಿಯಾ ಗರ್ಬರ್-ಮೊರೊನ್ 2018ರಲ್ಲಿ ಕಂಡುಕೊಂಡಂತೆ, ತೀರಾ ನಿಧಾನದ ಸಾಲುಗಳನ್ನು, ಅದರಲ್ಲೂ ಇಂಗ್ಲಿಷ್ ವಿಡಿಯೊಗಳಲ್ಲಿ, ಜನ ಮತ್ತೆ ಮತ್ತೆ ಓದಿ ಕಿರಿಕಿರಿಪಟ್ಟರು. 20 ಸಿಪಿಎಸ್‌ನ ವೇಗಕ್ಕೆ ಬಹುತೇಕರು ಹೊಂದಿಕೊಂಡರು.

ಇವು ಅಳೆದದ್ದು ಕಣ್ಣನ್ನೂ ಗ್ರಹಿಕೆಯನ್ನೂ. ಯಾರು ಎದ್ದುಹೋದರು ಎಂಬುದನ್ನಲ್ಲ. ಅದಕ್ಕೆ ಯೂಟ್ಯೂಬ್‌ನ ರಿಟೆನ್ಷನ್ ಗ್ರಾಫ್ ಇದೆ. ಗೆರೆ ದಿಢೀರನೆ ಕುಸಿದ ಜಾಗಕ್ಕೆ ಹೋಗಿ, ಅದರ ಹಿಂದಿನ ನಾಲ್ಕೈದು ಸಾಲುಗಳ ಸಿಪಿಎಸ್ ನೋಡಬೇಕು. ಒಂದು ಕುಸಿತದಿಂದಲೇ ತೀರ್ಪು ಕೊಡುವಂತಿಲ್ಲ. ವಿಷಯ ಬದಲಾದಾಗಲೂ ಜನ ಹೋಗುತ್ತಾರೆ. ಆದರೆ ಬೇರೆ ಬೇರೆ ವಿಡಿಯೊಗಳಲ್ಲಿ ವೇಗದ ಸಾಲುಗಳ ಬೆನ್ನಿಗೇ ಗೆರೆ ಇಳಿಯುತ್ತಿದ್ದರೆ ಅನುಮಾನ ಗಟ್ಟಿಯಾಗುತ್ತದೆ.

ಸರಿಪಡಿಸುವುದು ಕಷ್ಟವೇನಲ್ಲ. ಮಾತಿನ ನಂತರ ಮೌನವಿದ್ದರೆ ಅದೇ ಸಾಲನ್ನು ಇನ್ನರ್ಧ ಸೆಕೆಂಡು ನಿಲ್ಲಿಸಿದರಾಯಿತು. 24 ಇದ್ದದ್ದು 18ಕ್ಕೆ ಇಳಿಯುತ್ತದೆ. ಜಾಗವೇ ಇಲ್ಲದಿದ್ದರೆ ‘ಎಣ್ಣೆ ಕಾದ ಮೇಲೆ ಸಾಸಿವೆ ಹಾಕಿ’ ಎಂದು ಬರೆಯಬಹುದು. ಆಗ 26 ಅಕ್ಷರ, ವೇಗ 17ರ ಆಸುಪಾಸು. ಚಾನೆಲ್ ನಡೆಸುವವರು ಥಂಬ್‌ನೇಲ್‌ಗೆ ಕೊಡುವ ಸಮಯದಲ್ಲಿ ಸ್ವಲ್ಪವನ್ನು ಈ ಲೆಕ್ಕಕ್ಕೂ ಕೊಡಲಿ.